ಕರಪತ್ರದ ಉಡುಪು, ದೇಹದ ಅಳತೆ

ಯೋಗ ತರಗತಿಯ ಕರಪತ್ರವನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಆಸನದಲ್ಲಿ ನಿಂತ ದೇಹದ ಕಡೆಗೆ. ಮೊಣಕಾಲು ಹಿಮ್ಮಡಿಯ ನೇರಕ್ಕೆ ಬಂದಿದೆಯೇ, ತೋಳುಗಳು ಭುಜದ ಮಟ್ಟದಲ್ಲಿ ಚಾಚಿವೆಯೇ ಎಂಬುದರಿಂದಲೇ ಶಿಕ್ಷಕರ ಅಭ್ಯಾಸದ ಪರಿಚಯ ಆರಂಭವಾಗುತ್ತದೆ. ಆದ್ದರಿಂದ ಅಂಥ ಚಿತ್ರಕ್ಕೆ ಉಡುಪು ಆರಿಸುವಾಗಲೂ, ತೆಗೆದ ಚಿತ್ರದಲ್ಲಿ ಉಡುಪನ್ನು ತಿದ್ದುವಾಗಲೂ ದೇಹದ ಪ್ರಮಾಣ, ಅಂದರೆ ತಲೆ, ಭುಜ, ಸೊಂಟ ಮತ್ತು ಕಾಲುಗಳ ಪರಸ್ಪರ ಅಳತೆ, ಇದ್ದಂತೆಯೇ ಉಳಿಯಬೇಕಾಗುತ್ತದೆ.

ಈ ಎಚ್ಚರ ಯೋಗದ ಛಾಯಾಚಿತ್ರಗಳಲ್ಲಿ ಮೊದಲಿನಿಂದಲೂ ಇದೆ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ‘ಯೋಗ ಮಕರಂದ’ದಲ್ಲಿಯೂ, ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರ 1966ರ ‘ಲೈಟ್ ಆನ್ ಯೋಗ’ದಲ್ಲಿಯೂ ಆಸನ ತೋರಿಸುವವರು ಕನಿಷ್ಠ ಉಡುಪಿನಲ್ಲಿದ್ದಾರೆ, ಏಕೆಂದರೆ ಮಂಡಿಚಿಪ್ಪು ಮೇಲೆದ್ದಿರುವುದು, ತೊಡೆ ಬಿಗಿದಿರುವುದು ಓದುಗರಿಗೆ ಕಾಣದಿದ್ದರೆ ಚಿತ್ರದ ಪ್ರಯೋಜನವೇ ಇಲ್ಲವಾಗುತ್ತಿತ್ತು. ಅಯ್ಯಂಗಾರ್ ಪದ್ಧತಿಯ ಶಿಕ್ಷಕ-ಶಿಕ್ಷಕಿಯರು ತೊಡೆಯ ಮೇಲ್ಭಾಗದಲ್ಲಿ ಎಲಾಸ್ಟಿಕ್ ಇರುವ ಗಿಡ್ಡ ಚಡ್ಡಿಯನ್ನು ಇಂದಿಗೂ ತೊಡುವುದು ಇದೇ ಕಾರಣಕ್ಕೆ.

ಬಡಾವಣೆಯ ತರಗತಿಯ ಕರಪತ್ರದಲ್ಲಿ ಅಷ್ಟು ಕಡಿಮೆ ಉಡುಪು ಹೊಂದದಿರಬಹುದು. ಆಗ ಒಪ್ಪುವುದು ಕಣಕಾಲಿನವರೆಗಿನ ಲೆಗ್ಗಿಂಗ್ಸ್ ಮತ್ತು ಮೈಗೆ ಹೊಂದಿಕೊಳ್ಳುವ ಮೇಲಂಗಿ. ಹತ್ತಿ ಅಥವಾ ನೈಲಾನಿನ ಜೊತೆ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲನ್ನು ಸೇರಿಸಿ ಹೆಣೆದ ಬಟ್ಟೆ ಬಾಗಿದಾಗ ದೇಹದ ಜೊತೆಗೇ ಬರುತ್ತದೆ, ನೇರವಾದಾಗ ಜೋಲುವುದಿಲ್ಲ. ಆದರೆ ಮಾಂಸಖಂಡಗಳನ್ನು ಒತ್ತಿಹಿಡಿಯುವ ಬಿಗಿ ಲೆಗ್ಗಿಂಗ್ಸ್ ಸೊಂಟದ ಪಟ್ಟಿಯ ಮೇಲೆ ಉಬ್ಬು ಮೂಡಿಸಿ, ಹೊಟ್ಟೆ-ತೊಡೆಗಳ ನಿಜವಾದ ರೇಖೆಯನ್ನೇ ಬದಲಿಸುವುದರಿಂದ ಅದನ್ನು ಬಿಡುವುದು ಲೇಸು. ಪಕ್ಕಗಳಲ್ಲಿ ಗಾಢ ಬಣ್ಣದ ಅಗಲ ಪಟ್ಟಿ ಹೊಲಿದ ಉಡುಪೂ ಸೂಕ್ತವಲ್ಲ, ಏಕೆಂದರೆ ನೋಡುವ ಕಣ್ಣು ನಡುವಿನ ತಿಳಿ ಭಾಗವನ್ನಷ್ಟೇ ದೇಹವೆಂದು ಗ್ರಹಿಸಿ ಕಾಲನ್ನು ತೆಳ್ಳಗಾಗಿಸಿ ಕಾಣುತ್ತದೆ. ಹೊಳಪಿಲ್ಲದ, ಒಂದೇ ಬಣ್ಣದ, ಹಿನ್ನೆಲೆಗಿಂತ ಸ್ಪಷ್ಟವಾಗಿ ಬೇರೆಯಾಗಿ ತೋರುವ ನಡುಛಾಯೆಯ ಬಟ್ಟೆ, ಉದಾಹರಣೆಗೆ ಬಿಳಿ ಗೋಡೆಯ ಮುಂದೆ ನೀಲಿ ಅಥವಾ ಇಟ್ಟಿಗೆಗೆಂಪು, ಎಲ್ಲಕ್ಕಿಂತ ಒಳ್ಳೆಯದು. ಅಪ್ಪಟ ಕಪ್ಪಿನಲ್ಲಿ ಮೊಣಕಾಲಿನ ಮಡಿಕೆಗಳು ಅಚ್ಚಿನ ಶಾಯಿಯೊಳಗೆ ಮುಳುಗಿಹೋಗುತ್ತವೆ.

ಉಡುಪು ಸರಿಯಿದ್ದರೂ ಕ್ಯಾಮೆರಾ ಪ್ರಮಾಣವನ್ನು ಕೆಡಿಸಬಲ್ಲದು. ವೀರಭದ್ರಾಸನದ ಎರಡನೆಯ ಪ್ರಕಾರವನ್ನು, ಅಂದರೆ ಒಂದು ಮೊಣಕಾಲು ಬಾಗಿಸಿ ಎರಡೂ ತೋಳುಗಳನ್ನು ಅಡ್ಡಲಾಗಿ ಚಾಚುವ ಭಂಗಿಯನ್ನು, ಬಾಗಿದ ಮೊಣಕಾಲಿನ ಎದುರಿನಿಂದ ಚಿತ್ರಿಸಿದರೆ ಮೊಣಕಾಲು ಮುಂಡಕ್ಕಿಂತ ಸುಮಾರು ಅರ್ಧ ಮೀಟರ್ ಮುಂದಿರುತ್ತದೆ. ಮೊಬೈಲ್ ಹಿಡಿದವರು ಮುಂಡದಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೆ ಮೊಣಕಾಲಿಗೆ ಉಳಿಯುವ ದೂರ ಒಂದೇ ಮೀಟರ್. ವಸ್ತುವಿನ ಗಾತ್ರ ದೂರಕ್ಕೆ ವಿಲೋಮವಾಗಿ ಕಾಣುವುದರಿಂದ ಮುಂಡಕ್ಕೆ ಹೋಲಿಸಿದರೆ ಮೊಣಕಾಲು ಒಂದೂವರೆ ಪಟ್ಟು ದೊಡ್ಡದಾಗಿ ಮೂಡುತ್ತದೆ. ಅದೇ ಭಂಗಿಯನ್ನು 4 ಮೀಟರ್ ದೂರದಿಂದ ತೆಗೆದಾಗ ಈ ಹೆಚ್ಚಳ ಶೇ 14ಕ್ಕೆ ಇಳಿಯುತ್ತದೆ. ಎದೆ ಕ್ಯಾಮೆರಾಕ್ಕೆ ಮುಖಮಾಡುವಂತೆ ನಿಂತರೆ ಕಾಲು, ತೋಳು, ಮುಂಡ ಎಲ್ಲವೂ ಬಹುಮಟ್ಟಿಗೆ ಒಂದೇ ದೂರದಲ್ಲಿರುವುದರಿಂದ ಅದೂ ಉಳಿಯುವುದಿಲ್ಲ. ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿಯುವುದೂ ಮುಖ್ಯ. ಹತ್ತಿರ ನಿಂತು ಕಣ್ಣಿನ ಎತ್ತರದಿಂದ ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತವೆ.

ಚಿತ್ರ ತೆಗೆದಾದ ಮೇಲೆ ಉಡುಪು ಬದಲಿಸುವ ಬೇಡಿಕೆ ಬಂದಾಗ ನಿಜವಾದ ಕಷ್ಟ ಎದುರಾಗುತ್ತದೆ. ಶಿಕ್ಷಕಿಯೊಬ್ಬರು ಸಡಿಲ ಚೂಡಿದಾರದಲ್ಲಿ ಆಸನ ಮಾಡಿದ ಚಿತ್ರವನ್ನು ಡಿಟಿಪಿ ಅಂಗಡಿಗೆ ಕೊಟ್ಟು, ಅದನ್ನು ಲೆಗ್ಗಿಂಗ್ಸ್ ಆಗಿ ಮಾಡಿಕೊಡಿ ಎಂದು ಕೇಳಿದರೆನ್ನೋಣ. ಸಡಿಲ ಬಟ್ಟೆಯ ಒಳಗಿನ ತೊಡೆಯ ಅಂಚು ಆ ಚಿತ್ರದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಆದ್ದರಿಂದ ತಿದ್ದುವವರು ಎಷ್ಟೇ ನಿಪುಣರಾದರೂ ಅಲ್ಲಿ ಬರೆಯುವುದು ಊಹೆಯ ಕಾಲನ್ನು, ಮತ್ತು ಆ ಊಹೆ ಬಹುತೇಕ ಯಾವಾಗಲೂ ಇದ್ದುದಕ್ಕಿಂತ ತೆಳ್ಳಗಿನ ಕಾಲಿನ ಕಡೆಗೇ ವಾಲುತ್ತದೆ. ಇದಕ್ಕೆ ವಿರುದ್ಧವಾಗಿ, ಮೈಗೊಪ್ಪುವ ಬಟ್ಟೆಯಲ್ಲಿ ತೆಗೆದ ಚಿತ್ರವಿದ್ದರೆ ದೇಹದ ಹೊರರೇಖೆ ಅದರಲ್ಲೇ ಇರುತ್ತದೆ. ಬಣ್ಣ ಬದಲಿಸಬಹುದು, ಚಿಹ್ನೆಯನ್ನು ಅಳಿಸಬಹುದು, ತರಗತಿಯ ಹೆಸರನ್ನು ಸೇರಿಸಬಹುದು, ಯಾವುದರಿಂದಲೂ ರೇಖೆ ಕದಲಬೇಕಾಗಿಲ್ಲ. ಬಣ್ಣ ಬದಲಿಸುವಾಗ ಮೂಲದ ಬೆಳಕು-ನೆರಳನ್ನು ಹಾಗೆಯೇ ಉಳಿಸಿಕೊಂಡು ವರ್ಣವನ್ನಷ್ಟೇ ಮಾರ್ಪಡಿಸಬೇಕು, ಏಕೆಂದರೆ ತೊಡೆಯ ದುಂಡನೆಯ ಆಕಾರ ಕಣ್ಣಿಗೆ ತಿಳಿಯುವುದೇ ಆ ನೆರಳಿನಿಂದ. ಚಿತ್ರದ ಭಾಗಗಳನ್ನು ಹಿಟ್ಟಿನಂತೆ ಎಳೆದು ಒತ್ತಬಲ್ಲ Liquify ಸಾಧನಕ್ಕೆ ಈ ಕೆಲಸದಲ್ಲಿ ಸ್ಥಾನವಿಲ್ಲ.

ರೇಖೆ ಕದಲಿದೆಯೇ ಎಂದು ಪರೀಕ್ಷಿಸಲು ಫೋಟೋಶಾಪ್‌ನಲ್ಲಿ ಸರಳ ವಿಧಾನವಿದೆ: ತಿದ್ದಿದ ಚಿತ್ರದ ಮೇಲೆ ಮೂಲ ಚಿತ್ರವನ್ನು ಸರಿಯಾಗಿ ಹೊಂದಿಸಿಟ್ಟು, ಮೇಲಿನ ಪದರದ ಬೆರಕೆಯ ವಿಧಾನವನ್ನು Difference ಎಂದು ಬದಲಿಸಿದರೆ ಎರಡರಲ್ಲೂ ಒಂದೇ ಆಗಿರುವ ಭಾಗಗಳು ಪೂರ್ತಿ ಕಪ್ಪಾಗುತ್ತವೆ. ಉಡುಪಿನ ಒಳಭಾಗ ಬಣ್ಣವಾಗಿ ಕಾಣುವುದು ಸಹಜ. ಆದರೆ ಸೊಂಟದ ಅಥವಾ ತೋಳಿನ ಅಂಚಿನ ಹೊರಗೆ, ಗೋಡೆಯ ಭಾಗದಲ್ಲಿ, ತೆಳುವಾದ ಬೆಳಕಿನ ಗೆರೆ ಮೂಡಿದರೆ ಅಲ್ಲಿ ದೇಹವನ್ನು ಕಿರಿದು ಅಥವಾ ಹಿರಿದು ಮಾಡಲಾಗಿದೆ ಎಂದೇ ಅರ್ಥ.

ಎಲ್ಲವೂ ಸರಿಯಾಗಿದ್ದ ಚಿತ್ರ ಪುಟವಿನ್ಯಾಸದಲ್ಲಿ ಕೆಡುವುದೂ ಉಂಟು. ಮೊಬೈಲಿನ ಚಿತ್ರದ ಅಗಲ-ಎತ್ತರಗಳು ಸಾಮಾನ್ಯವಾಗಿ 3:4ರ ಅನುಪಾತದಲ್ಲಿರುತ್ತವೆ. ಕರಪತ್ರಕ್ಕೆ ಬಳಸುವ ಎ5 ಹಾಳೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರವಿದ್ದು ಅದಕ್ಕಿಂತ ತುಸು ನೀಳವಾಗಿದೆ. ಹಾಳೆಯನ್ನು ತುಂಬಿಸುವ ಅವಸರದಲ್ಲಿ ಕೋರೆಲ್‌ಡ್ರಾದಲ್ಲಿ ಮೂಲೆಯ ಹಿಡಿಯ ಬದಲು ಮೇಲಿನ ಅಂಚಿನ ಹಿಡಿಯನ್ನು ಎಳೆದರೆ ಚಿತ್ರ ಸುಮಾರು ಶೇ 6ರಷ್ಟು ಉದ್ದವಾಗುತ್ತದೆ, 160 ಸೆಂ.ಮೀ. ಎತ್ತರದ ಶಿಕ್ಷಕಿ ಅದೇ ಭುಜದ ಅಗಲದಲ್ಲಿ 170 ಸೆಂ.ಮೀ. ಸಮೀಪದ ಬೇರೊಬ್ಬರಾಗುತ್ತಾರೆ. ಅನುಪಾತ ಉಳಿಸಿ ಹಿಗ್ಗಿಸಿ, ಪಕ್ಕದ ಹೆಚ್ಚುವರಿ ಗೋಡೆಯನ್ನು ಕತ್ತರಿಸುವುದೇ ಸರಿಯಾದ ಕ್ರಮ. ಅದಕ್ಕಾಗಿ ಚಿತ್ರ ತೆಗೆಯುವಾಗಲೇ ಚಾಚಿದ ಬೆರಳುಗಳ ಆಚೆ ಸಾಕಷ್ಟು ಜಾಗ ಬಿಟ್ಟಿರಬೇಕು. ಕರಡು ಪ್ರತಿ ಕೈಗೆ ಬಂದಾಗ ಹಿನ್ನೆಲೆಯಲ್ಲಿ ಗೋಡೆ ಗಡಿಯಾರವಿದ್ದರೆ ಅದು ಇನ್ನೂ ದುಂಡಗಿದೆಯೇ ಎಂದು ಅಳತೆಪಟ್ಟಿಯಿಟ್ಟು ನೋಡಿದರೆ ಈ ದೋಷ ಕ್ಷಣದಲ್ಲಿ ಸಿಕ್ಕಿಬೀಳುತ್ತದೆ.

ಕೈಯಲ್ಲಿರುವುದು ಸಡಿಲ ಉಡುಪಿನ ಚಿತ್ರವೊಂದೇ ಆಗಿದ್ದು, ಮತ್ತೆ ತೆಗೆಯಲು ಸಮಯವಿಲ್ಲದಿದ್ದರೆ, ಶಿಕ್ಷಕರು ಅದನ್ನು ತಿದ್ದಿಸದೆ ಹಾಗೆಯೇ ಅಚ್ಚಿಗೆ ಕೊಡಬೇಕು. ಹತ್ತಿಯ ಚೂಡಿದಾರದಲ್ಲಿಯೂ ತ್ರಿಕೋನಾಸನವನ್ನು ಚೆನ್ನಾಗಿಯೇ ಮಾಡಬಹುದು, ಮತ್ತು ತರಗತಿಗೆ ಬರುವ ಹಲವರು ತೊಟ್ಟು ಬರುವುದೂ ಅದನ್ನೇ.