ನೀಲಿ ಉಳಿಸುವ ಕೈ

ಪರದೆಯ ಅಪ್ಪಟ ನೀಲಿಯನ್ನು ಅಚ್ಚಿಗೆ ಒಗ್ಗಿಸುವವರ ಕೈಚಳಕ ಕಂಡರೆ ನನಗೆ ಬೆರಗು. ಪರದೆಯ ನೀಲಿ ಬೆಳಕು. ಕಾಗದದ ನೀಲಿ ಬರೀ ಶಾಯಿ. ಫೋಟೋಶಾಪ್‌ನಲ್ಲಿ ಆರ್‌ಜಿಬಿ 0, 0, 255 ಅನ್ನು ಸುಮ್ಮನೆ ಸಿಎಂವೈಕೆಗೆ ಬದಲಿಸಿದರೆ ಸಾಮಾನ್ಯವಾಗಿ ಸಯಾನ್ 88, ಮಜೆಂಟಾ 77ರ ಆಸುಪಾಸು ಬರುತ್ತದೆ. ಅಷ್ಟು ಮಜೆಂಟಾ ಸೇರಿದರೆ ಲಗ್ನಪತ್ರಿಕೆಯ ನೀಲಿ ನೇರಳೆಗೆ ತಿರುಗುತ್ತದೆ.

ಪಳಗಿದ ಡಿಟಿಪಿಯವರು ಮೊದಲು ಪ್ರೆಸ್ಸಿನವರಿಂದ ಆ ಕಾಗದಕ್ಕೆ ಹೊಂದುವ ಪ್ರೊಫೈಲ್ ಕೇಳಿ ಪಡೆಯುತ್ತಾರೆ. Proof Colors ಹಾಕಿ ಅಚ್ಚಿನ ಬಣ್ಣವನ್ನು ಪರದೆಯಲ್ಲೇ ಅಂದಾಜು ಮಾಡುತ್ತಾರೆ. ಆಮೇಲೆ ಸಯಾನನ್ನು 100ಕ್ಕೆ ಏರಿಸಿ, ಮಜೆಂಟಾವನ್ನು 60ರ ಹತ್ತಿರಕ್ಕೆ ಇಳಿಸುತ್ತಾರೆ. ಎರಡರ ನಡುವೆ 30ಕ್ಕಿಂತ ಹೆಚ್ಚು ಅಂತರವಿದ್ದರೆ ನೀಲಿ ನೀಲಿಯಾಗಿಯೇ ನಿಲ್ಲುತ್ತದೆ. ಹಳದಿ, ಕಪ್ಪು ಚೂರೂ ಸೇರಬಾರದು. ಸೇರಿದರೆ ಮಂಕು ಕವಿಯುತ್ತದೆ.

ಅಚ್ಚಾದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ: ತುಂಬಿದ ಸಯಾನ್ ಮೇಲೆ ಮಜೆಂಟಾ ಚುಕ್ಕಿಗಳು, ನಡುನಡುವೆ ಬರೀ ಸಯಾನ್. ಇಷ್ಟಾದರೂ ಪರದೆಯ ಹೊಳಪು ಶಾಯಿಗೆ ಬಾರದು. ಅದು ಗೊತ್ತಿದ್ದೇ ಅವರು ನೀಲಿಯ ಪಕ್ಕದ ಬಣ್ಣಗಳನ್ನು ತುಸು ತಗ್ಗಿಸುತ್ತಾರೆ. ಶಾಯಿ ಕೊಡಲಾರದ ಹೊಳಪನ್ನು ಹೀಗೆ ನಮ್ಮ ಕಣ್ಣಿನಿಂದಲೇ ಹೊರಡಿಸುವ ಜಾಣ್ಮೆಗೆ ಶಹಭಾಸ್ ಎನ್ನಲೇಬೇಕು.