ಹನ್ನೆರಡರಲ್ಲಿ ಒಂದು ಕಳೆದರೆ

ನಾನಿರುವ ಬಡಾವಣೆಯ ಹೆಸರನ್ನು ಬೆರಳು ಮಡಚುತ್ತ ಎಣಿಸಿ ನೋಡಿ: ಲಿಂ, ಗ, ರಾ, ಜ, ಪು, ರ. ಆರು ಅಕ್ಷರ. ಛಂದಸ್ಸು ಬಲ್ಲವರು ಇದೇ ಹೆಸರಿಗೆ ಎಂಟು ಮಾತ್ರೆ ಎನ್ನುತ್ತಾರೆ. ಲಿಂ, ರಾ ಎರಡೂ ಗುರು, ಉಳಿದ ನಾಲ್ಕು ಲಘು. ಒಂದೇ ಹೆಸರು, ಎರಡು ಲೆಕ್ಕ, ಎರಡೂ ಸರಿ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಮೊದಲೇ ಹೇಳಿಕೊಂಡರೆ ಸಾಕು. ಅಕ್ಷರಗಣ, ಮಾತ್ರಾಗಣಗಳ ನಡುವೆ ಬೆಳೆದ ಕನ್ನಡ ಕಿವಿಗೆ ಇದು ಹೊಸತಲ್ಲ. ಜಾವಾದಲ್ಲಿ ಇಮೋಜಿ ಇರುವ ಪಠ್ಯವನ್ನು ಎಣಿಸುವ ಚೆಲುವನ್ನು ನಾನು ಈ ಕಿವಿಯಿಂದಲೇ ಸವಿಯುತ್ತೇನೆ.

ಲಿಂಗರಾಜಪುರ ಎಂದು ಬರೆದು, ಅದಕ್ಕೆ ಒಂದು ನಗುಮೊಗ ಅಂಟಿಸಿ, ಜಾವಾವನ್ನು ಕೇಳೋಣ:

```java
String s = "ಲಿಂಗರಾಜಪುರ😀";
s.length();                       // 12
s.codePointCount(0, s.length());  // 11
```

ಹನ್ನೊಂದು ಎಲ್ಲಿಂದ ಬಂತು ಎಂಬುದು ಸುಲಭ. ಯೂನಿಕೋಡ್ ಗುಣಿತವನ್ನು ಬಿಡಿಸಿ ಬರೆಯುತ್ತದೆ: ಲ ಒಂದು, ಅದರ ಗುಡಿಸು ಒಂದು, ಸೊನ್ನೆ ಒಂದು, ಗ ಒಂದು. ಹೀಗೆ ಹೆಸರಿಗೆ ಹತ್ತು, ನಗುಮೊಗಕ್ಕೆ ಒಂದು. ಹೀಗೆ ಒಂದೊಂದಕ್ಕೂ ಕೊಟ್ಟ ಸಂಖ್ಯೆಯೇ ಕೋಡ್ ಪಾಯಿಂಟ್. ಹಾಗಾದರೆ `length()` ಹೇಳಿದ ಆ ಹನ್ನೆರಡನೆಯದು ಯಾವುದು?

ಅದರ ಕಥೆ 1996ರದು. ಆ ವರ್ಷದ ಜನವರಿಯಲ್ಲಿ ಜಾವಾದ ಮೊದಲ ಆವೃತ್ತಿ ಬಂದಾಗ ಅದರ `char` ಎಂಬ ಖಾನೆಗೆ 16 ಬಿಟ್‌ಗಳ ಅಗಲವಿತ್ತು. ಅದರಲ್ಲಿ 65,536 ಸಂಖ್ಯೆಗಳು ಹಿಡಿಯುತ್ತವೆ. ಲೋಕದ ಲಿಪಿಗಳಿಗೆಲ್ಲ ಅಷ್ಟು ಸಾಕು ಎಂದೇ ಆಗಿನ ಎಣಿಕೆ. ಅದೇ ವರ್ಷ ಜುಲೈಯಲ್ಲಿ ಹೊರಬಂದ ಯೂನಿಕೋಡ್ 2.0 ಅಷ್ಟು ಸಾಲದು ಎಂದು ಒಪ್ಪಿಕೊಂಡು ಒಂದು ಜೋಡಿ ಪದ್ಧತಿ ತಂದಿತು. ಯಾವ ಅಕ್ಷರಕ್ಕೂ ಕೊಡದೆ 2,048 ಸಂಖ್ಯೆಗಳನ್ನು ತೆಗೆದಿಟ್ಟು, ಅವುಗಳಲ್ಲಿ D800ರಿಂದ DBFFವರೆಗಿನ 1,024ನ್ನು ಜೋಡಿಯ ಮೊದಲ ಅರ್ಧಕ್ಕೂ, DC00ಯಿಂದ DFFFವರೆಗಿನ 1,024ನ್ನು ಎರಡನೆಯ ಅರ್ಧಕ್ಕೂ ಮೀಸಲಿಟ್ಟಿತು. ಪ್ರತಿಯೊಂದು ಮೊದಲ ಅರ್ಧಕ್ಕೂ ಪ್ರತಿಯೊಂದು ಎರಡನೆಯ ಅರ್ಧವನ್ನು ಕೂಡಿಸಿದರೆ ಹತ್ತು ಲಕ್ಷಕ್ಕೂ ಮೀರಿದ ಹೊಸ ಜಾಗ ಸಿಗುತ್ತದೆ.

ನಮ್ಮ ನಗುಮೊಗದ ಸಂಖ್ಯೆ 1F600. ಅದು ಒಂದು ಖಾನೆಗೆ ಹಿಡಿಯದು. ಮೊದಲು ಅದರಿಂದ 10000 ಕಳೆಯಬೇಕು, F600 ಉಳಿಯುತ್ತದೆ. ಅದನ್ನು 20 ಬಿಟ್‌ಗಳಾಗಿ ಹರವಿ ನಡುವೆ ಕತ್ತರಿಸಿದರೆ ಮೇಲಿನ ಹತ್ತರಲ್ಲಿ 3D, ಕೆಳಗಿನ ಹತ್ತರಲ್ಲಿ 200. ಮೊದಲನೆಯದಕ್ಕೆ D800 ಕೂಡಿಸಿದರೆ D83D, ಎರಡನೆಯದಕ್ಕೆ DC00 ಕೂಡಿಸಿದರೆ DE00. ಇವೆಲ್ಲ ಹದಿನಾರರ ಲೆಕ್ಕದ ಸಂಖ್ಯೆಗಳು. ಜಾವಾದ ಹೊಟ್ಟೆಯಲ್ಲಿ ಆ ನಗು ಇರುವುದು ಈ ಎರಡು ಖಾನೆಗಳಾಗಿ. ಹನ್ನೆರಡನೆಯದು ಎಂದರೆ ನಗುವಿನ ಎರಡನೆಯ ಅರ್ಧ.

ಈ ಜೋಡಿಯಲ್ಲಿ ನನಗೆ ಮೆಚ್ಚಾಗುವುದು ಅದು ತನ್ನ ಗುರುತನ್ನು ತಾನೇ ಹೇಳುವ ಬಗೆ. ಸಾಲಿನ ಕೆಳಗೆ ಒತ್ತೊಂದೇ ಇದ್ದರೆ ಮೇಲೆ ಇರಬೇಕಾದ ಅಕ್ಷರ ಬಿಟ್ಟುಹೋಗಿದೆ ಎಂದು ಕನ್ನಡ ಓದುವವರಿಗೆ ಕೂಡಲೇ ತಿಳಿಯುತ್ತದೆ. ಹಾಗೆಯೇ DE00 ಎಲ್ಲಿ ಸಿಕ್ಕರೂ ಅದು ಎರಡನೆಯ ಅರ್ಧ; ಅದರ ಜತೆಯದು ಒಂದು ಹೆಜ್ಜೆ ಮೊದಲೇ ಇರಬೇಕು. ಸಾಲನ್ನು ಮೊದಲಿನಿಂದ ಓದಿಕೊಂಡು ಬರಬೇಕಿಲ್ಲ.

`codePointCount` ಕೆಲಸ ಮಾಡುವ ರೀತಿಯೂ ಇದನ್ನೇ ನಂಬಿದೆ. ಅದು ಸೊನ್ನೆಯಿಂದ ಕೂಡಿಸುತ್ತ ಹೋಗುವುದಿಲ್ಲ. ಮೊದಲು ಎಲ್ಲ ಖಾನೆಗಳೂ ಒಂದೊಂದು ಅಕ್ಷರವೇ ಎಂದು ನಂಬಿ ಹನ್ನೆರಡನ್ನು ಕೈಯಲ್ಲಿ ಹಿಡಿಯುತ್ತದೆ. ಆಮೇಲೆ ಸಾಲಿನುದ್ದಕ್ಕೂ ನಡೆದು, ಮೊದಲ ಅರ್ಧದ ಬೆನ್ನಿಗೇ ಎರಡನೆಯ ಅರ್ಧ ಕಂಡಲ್ಲೆಲ್ಲ ಒಂದು ಕಳೆಯುತ್ತದೆ. ಜತೆಯಿಲ್ಲದ ಅರ್ಧ ಸಿಕ್ಕರೆ ಅದನ್ನೂ ಒಂದೆಂದೇ ಎಣಿಸುತ್ತದೆ. 2004ರಲ್ಲಿ ಜಾವಾ 5ರೊಡನೆ ಇದು ಬಂದಾಗ `length()` ಅನ್ನು ಯಾರೂ ಮುಟ್ಟಲಿಲ್ಲ. ಅದರ ಅರ್ಥ ಬದಲಿಸಿದ್ದರೆ ಅಷ್ಟು ವರ್ಷ ಬರೆದಿಟ್ಟ ಪ್ರೋಗ್ರಾಮುಗಳೆಲ್ಲ ಲೆಕ್ಕ ತಪ್ಪುತ್ತಿದ್ದವು. ಹಳೆಯ ಲೆಕ್ಕವನ್ನು ಹಾಗೇ ಇರಗೊಟ್ಟು, ಹೊಸ ಲೆಕ್ಕವನ್ನು ಪಕ್ಕದಲ್ಲಿ ಕೂರಿಸಿದರು.

ತಪ್ಪು ಬಯಲಾಗುವುದು ಕತ್ತರಿಸುವಾಗ. ಹನ್ನೊಂದನ್ನು ಮೀರಬಾರದು ಎಂಬ ಮಿತಿಯಿದೆ ಎಂದುಕೊಳ್ಳಿ. `s.substring(0, 11)` ಎಂದರೆ ಕತ್ತರಿ ನಗುವಿನ ನಡುವೆಯೇ ಬೀಳುತ್ತದೆ. ಕೊನೆಗೆ D83D ಒಂಟಿಯಾಗಿ ನಿಲ್ಲುತ್ತದೆ. ಅದನ್ನು `getBytes` ಮೂಲಕ UTF-8ಗೆ ಇಳಿಸಿದರೆ ಜಾವಾ ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಡುತ್ತದೆ. ಹೆಸರಿನ ಕೊನೆಯಲ್ಲಿ ಯಾರೂ ಬರೆಯದ `?` ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮದ್ದು ಎರಡು ಸಾಲಿನದು:

```java
int end = s.offsetByCodePoints(0, 11);
String t = s.substring(0, end);
```

ಹನ್ನೊಂದು ಕೋಡ್ ಪಾಯಿಂಟ್ ದಾಟಲು ಎಷ್ಟು ಖಾನೆ ನಡೆಯಬೇಕು ಎಂದು ಮೊದಲ ಸಾಲು ಕೇಳುತ್ತದೆ; ಉತ್ತರ 12. ನಗು ಇಡಿಯಾಗಿ ಉಳಿಯುತ್ತದೆ. ಪಠ್ಯವೇ ಹನ್ನೊಂದಕ್ಕಿಂತ ಚಿಕ್ಕದಿದ್ದರೆ ಇದು ದೋಷ ಎಸೆಯುತ್ತದೆ, ಆದ್ದರಿಂದ ಎಣಿಸಿದ ಮೇಲೆಯೇ ಕತ್ತರಿಸಬೇಕು.

ಇದು ಇಮೋಜಿ ಹುಡುಗಾಟದವರ ತೊಂದರೆ ಎಂದು ಪಕ್ಕಕ್ಕಿಡುವಂತಿಲ್ಲ. 2010ರಲ್ಲಿ ಬಂದ ಯೂನಿಕೋಡ್ 6.0ರಲ್ಲಿ ನೂರಾರು ಇಮೋಜಿಗಳ ಜತೆಗೇ ಸೇರಿದ್ದು ಬ್ರಾಹ್ಮಿ. ಕನ್ನಡ ಲಿಪಿಯ ಮೂಲವಾದ ಅದಕ್ಕೂ ಸಿಕ್ಕಿದ್ದು ಜೋಡಿಯ ಜಾಗವೇ. ಮಸ್ಕಿಯ ಶಾಸನದಲ್ಲಿರುವ ಅಸೋಕ ಎಂಬ ಹೆಸರನ್ನು ಬ್ರಾಹ್ಮಿಯಲ್ಲೇ ಟೈಪ್ ಮಾಡಿದರೆ ಅ, ಸ, ಓಕಾರ, ಕ ಎಂದು ನಾಲ್ಕು ಕೋಡ್ ಪಾಯಿಂಟ್. `length()` ಎಂಟು ಎನ್ನುತ್ತದೆ. ಅಸೋಕನನ್ನು ನಡುವೆ ಸೀಳುವ ಪ್ರೋಗ್ರಾಮು ನಗುಮೊಗವನ್ನೂ ಸೀಳುತ್ತದೆ.

ಕೋಡ್ ಪಾಯಿಂಟಿನ ಎಣಿಕೆಗೂ ಒಂದು ಎಲ್ಲೆಯಿದೆ. ಅಪ್ಪ, ಅಮ್ಮ, ಮಗಳು ಇರುವ 👨‍👩‍👧 ಕಣ್ಣಿಗೆ ಒಂದು ಚಿತ್ರ. ಕೋಡ್ ಪಾಯಿಂಟ್ ಐದು, `length()` ಎಂಟು. ಮೂರು ಮುಖಗಳ ನಡುವೆ ಕಣ್ಣಿಗೆ ಕಾಣದ ಎರಡು ಬೆಸುಗೆಗಳಿವೆ. ಆ ಬೆಸುಗೆಯ ಸಂಖ್ಯೆ 200D. ಕನ್ನಡಕ್ಕೆ ಅದು ಹಳೆಯ ಪರಿಚಯ: ಸೂರ್ಯದಂತೆ ಅರ್ಕಾವತ್ತು ಬರದೆ ರ‍್ಯಾಂಕ್ ಎಂದು ರಕಾರದ ಕೆಳಗೆ ಯ ಒತ್ತು ಬರಲು ನಾವು ನಡುವೆ ಇಡುವುದು ಇದನ್ನೇ. ಕುಟುಂಬವನ್ನು ಕೂಡಿಸಿದ್ದೂ ರ‍್ಯಾಂಕನ್ನು ಕಾಪಾಡಿದ್ದೂ ಒಂದೇ ಗುರುತು. ಕಣ್ಣಿಗೆ ಕಾಣುವ ಅಕ್ಷರಕ್ಕೆ ಹತ್ತಿರದ ಎಣಿಕೆ ಬೇಕೆಂದರೆ ಜಾವಾ 9ರಿಂದ ರೆಗೆಕ್ಸ್‌ನಲ್ಲಿ `\X` ಇದೆ. ನಮ್ಮ ನಗುವ ಲಿಂಗರಾಜಪುರಕ್ಕೆ ಅದು ಏಳು ಎನ್ನುತ್ತದೆ.

ಇಲ್ಲಿ ಅನೇಕರು ಈ ಊರನ್ನು ಲಿಂಗರಾಜಪುರಂ ಎನ್ನುತ್ತಾರೆ. ಆ ಸೊನ್ನೆ ಸೇರಿದರೂ ಅಕ್ಷರ ಆರೇ. ಕೊನೆಯ ಲಘು ಗುರುವಾಗಿ ಮಾತ್ರೆ ಮಾತ್ರ ಒಂಬತ್ತಾಗುತ್ತದೆ, ನಗುವಿಲ್ಲದೆಯೇ ಕೋಡ್ ಪಾಯಿಂಟ್ ಹನ್ನೊಂದಾಗುತ್ತದೆ. ನಿಮ್ಮ ಊರಿನ ಹೆಸರಿಗೂ ಒಂದು ನಗು ಅಂಟಿಸಿ ಎಣಿಸಿ. ಖಾನೆ ಬೇಕಾದಲ್ಲಿ `length()`, ಜೋಡಿ ಒಡೆಯಬಾರದಲ್ಲಿ ಕೋಡ್ ಪಾಯಿಂಟ್, ಕಣ್ಣಿಗೆ ಹತ್ತಿರವಾಗಬೇಕಾದಲ್ಲಿ `\X`. ಮೂರರಲ್ಲಿ ಯಾವುದನ್ನು ಎಣಿಸುತ್ತಿದ್ದೀರಿ ಎಂದು ಸಾಲು ಬರೆಯುವ ಮುಂಚೆ ಹೇಳಿಕೊಳ್ಳಿ.