ಒಂದನ್ನು ಕತ್ತರಿಸಬಹುದು, ಇನ್ನೊಂದನ್ನು ಮುಟ್ಟದಿರುವುದೇ ಲೇಸು

ಸಿ ಡ್ರೈವಿನ ಪಟ್ಟಿ ಕೆಂಪಾದೊಡನೆ ಕಂಪ್ಯೂಟರ್ ಬಲ್ಲವರೊಬ್ಬರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಹೈಬರ್ನೇಷನ್ ತೆಗೆದುಹಾಕಿ, ಪೇಜ್ ಫೈಲನ್ನೂ ಸೊನ್ನೆ ಮಾಡಿ, ಹತ್ತು ಜಿಬಿ ಸುಮ್ಮನೆ ಸಿಗುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಲ್ಲೇ ಈ ಸಲಹೆಯ ದೋಷವಿದೆ. `hiberfil.sys` ಮತ್ತು `pagefile.sys` ಎರಡೂ ಸಿ ಡ್ರೈವಿನ ಬುಡದಲ್ಲಿ ಅಡಗಿ ಕೂತಿರುತ್ತವೆ, ಎರಡೂ ದೊಡ್ಡವು, ಎರಡಕ್ಕೂ ರ‍್ಯಾಮ್ ಜೊತೆ ನಂಟಿದೆ. ಹೋಲಿಕೆ ಅಲ್ಲಿಗೇ ಮುಗಿಯಿತು. ಮೊದಲನೆಯದು ನೀವು ಬಳಸದೆಯೂ ಇರಬಹುದಾದ ಒಂದು ಸೌಲಭ್ಯ. ಎರಡನೆಯದರ ಮೇಲೆ, ನಿಮಗೆ ಗೊತ್ತಿಲ್ಲದಂತೆ, ಪ್ರತಿಯೊಂದು ಪ್ರೋಗ್ರಾಮೂ ನಿಂತಿದೆ.

16 ಜಿಬಿ ರ‍್ಯಾಮ್, 128 ಜಿಬಿ ಎಸ್ಎಸ್‌ಡಿ ಇರುವ ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಳ್ಳೋಣ. ವಿಂಡೋಸ್ ಲೆಕ್ಕದಲ್ಲಿ ಈ ಡಿಸ್ಕು 119 ಜಿಬಿ. ವಿಂಡೋಸ್ 10 ಮತ್ತು 11 ಹೈಬರ್ನೇಷನ್ ಫೈಲಿಗೆ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು ಜಾಗ ಕಾದಿರಿಸುತ್ತವೆ. ಇಲ್ಲಿ, ವಿಂಡೋಸ್ ಬಳಸಬಲ್ಲ 15.8 ಜಿಬಿಯ ಲೆಕ್ಕದಲ್ಲಿ, ಅದು ಸುಮಾರು 6.3 ಜಿಬಿ. ವಿಂಡೋಸ್ 7ರ ಕಾಲದಲ್ಲಿ ಇದು ಶೇ. 75 ಇತ್ತು. ಬಳಕೆಯಲ್ಲಿರುವ ಪುಟಗಳನ್ನಷ್ಟೇ, ಅದೂ ಕುಗ್ಗಿಸಿ ಬರೆಯುವುದರಿಂದ ಶೇ. 40 ಸಾಮಾನ್ಯವಾಗಿ ಸಾಕಾಗುತ್ತದೆ.

ಈ ಫೈಲಿಗೆ ಎರಡು ಕೆಲಸ. ಹೈಬರ್ನೇಟ್ ಮಾಡಿದಾಗ ತೆರೆದಿಟ್ಟ ಎಲ್ಲವನ್ನೂ ಡಿಸ್ಕಿಗಿಳಿಸಿ ಕರೆಂಟನ್ನು ಪೂರ್ತಿ ಕಡಿಯುವುದು ಒಂದು. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಫಾಸ್ಟ್ ಸ್ಟಾರ್ಟಪ್ ಇನ್ನೊಂದು. ಶಟ್‌ಡೌನ್ ಒತ್ತಿದಾಗ ಬಳಕೆದಾರರನ್ನು ಲಾಗಾಫ್ ಮಾಡಿ, ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ಮಾತ್ರ ಈ ಫೈಲಿನಲ್ಲಿ ಉಳಿಸಿ, ಮಾರನೆಯ ದಿನ ಅಲ್ಲಿಂದಲೇ ಎದ್ದುಬರುತ್ತದೆ. ಆ ಎರಡನೆಯ ಕೆಲಸಕ್ಕೆ ಅರ್ಧ ಜಾಗ ಸಾಕು. ಆದ್ದರಿಂದ ಹೈಬರ್ನೇಟ್ ಎಂದೂ ಬಳಸದವರು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಮಾಡಬಹುದು:

```
powercfg /a
powercfg /h /size 0
powercfg /h /type reduced
```

ಮೊದಲ ಸಾಲು ಆ ಯಂತ್ರದಲ್ಲಿ ಯಾವ ಯಾವ ಬಗೆಯ ನಿದ್ರೆಗೆ ಅವಕಾಶವಿದೆ ಎಂದು ತೋರಿಸುತ್ತದೆ. ಎರಡನೆಯದು, ಹಿಂದೆ ಯಾರಾದರೂ ಕೈಯಾರೆ ಅಳತೆ ಕೊಟ್ಟಿದ್ದರೆ ಅದನ್ನು ಅಳಿಸುತ್ತದೆ. ಈ ಎರಡನೆಯ ಸಾಲಿಲ್ಲದಿದ್ದರೆ ಮೂರನೆಯದು ಮುಷ್ಕರ ಹೂಡಬಹುದು. ಮುಗಿದಾಗ ಫೈಲು 3.2 ಜಿಬಿಗೆ ಇಳಿದಿರುತ್ತದೆ, ಫಾಸ್ಟ್ ಸ್ಟಾರ್ಟಪ್ ಉಳಿದಿರುತ್ತದೆ, ಹೈಬರ್ನೇಟ್ ಮಾತ್ರ ಮಾಯ. ಮತ್ತೆ ಬೇಕೆನಿಸಿದರೆ `powercfg /h /type full`. ಈ ಮಧ್ಯದ ದಾರಿ ವಿಂಡೋಸ್‌ನ ಒಳ್ಳೆಯ ವಿನ್ಯಾಸಗಳಲ್ಲೊಂದು ಎಂದೇ ಹೇಳುತ್ತೇನೆ. ಅದನ್ನು ಕಮಾಂಡಿನ ಹಿಂದೆ ಬಚ್ಚಿಟ್ಟಿರುವುದು ಮಾತ್ರ ಅರ್ಥವಾಗದ ಸಂಗತಿ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟ ಈ ಫೈಲು ಎಷ್ಟು ಜಾಗ ತಿಂದಿದೆ ಎಂದು ತೋರಿಸುತ್ತದೆ, ಅದನ್ನು ಕುಗ್ಗಿಸುವ ಗುಂಡಿ ಕೊಡುವುದಿಲ್ಲ.

`powercfg /h off` ಎಂದು ಪೂರ್ತಿ ಕಿತ್ತುಹಾಕುವುದು ಸದಾ ಕರೆಂಟಿಗೆ ಚುಚ್ಚಿರುವ ಡೆಸ್ಕ್‌ಟಾಪಿಗೆ ಒಪ್ಪುತ್ತದೆ. ಅದೇ ಡಿಸ್ಕಿನಲ್ಲಿ ಲಿನಕ್ಸ್ ಕೂಡ ಇದ್ದರೂ ಒಪ್ಪುತ್ತದೆ. ಫಾಸ್ಟ್ ಸ್ಟಾರ್ಟಪ್ ವಿಂಡೋಸ್ ವಿಭಾಗವನ್ನು ಅರೆನಿದ್ರೆಯಲ್ಲಿ ಬಿಟ್ಟುಹೋಗುವುದರಿಂದ ಲಿನಕ್ಸ್‌ನಿಂದ ಅದರೊಳಗೆ ಬರೆಯಲು ಹೋದರೆ ತಕರಾರು ಶುರುವಾಗುತ್ತದೆ. ಲ್ಯಾಪ್‌ಟಾಪಿನ ಮಾತು ಬೇರೆ. `powercfg /a` ಉತ್ತರದಲ್ಲಿ `Standby (S0 Low Power Idle)` ಲಭ್ಯವೆಂದು ಕಂಡರೆ ಕುಗ್ಗಿಸುವುದರಿಂದಲೂ ಕಿತ್ತುಹಾಕುವುದರಿಂದಲೂ ಕೈ ಹಿಂತೆಗೆಯಿರಿ, ಎರಡರಲ್ಲೂ ಹೈಬರ್ನೇಟ್ ಹೋಗುತ್ತದೆ. ಅಂಥ ಯಂತ್ರ ಮುಚ್ಚಳ ಮುಚ್ಚಿದ ಮೇಲೂ ಬ್ಯಾಟರಿ ಕುಡಿಯುತ್ತಿರುತ್ತದೆ. ಕುಡಿದದ್ದು ಮಿತಿ ಮೀರಿದಾಗ ತಾನೇ ಹೈಬರ್ನೇಟ್ ಆಗಿ ಕೆಲಸವನ್ನು ಉಳಿಸುತ್ತದೆ. ಆ ಆಸರೆ ಕಿತ್ತರೆ ಬ್ಯಾಗಿನೊಳಗೇ ಬ್ಯಾಟರಿ ಬರಿದಾಗಿ, ಸೇವ್ ಮಾಡದ ಕಡತ ಕೈತಪ್ಪುತ್ತದೆ. ಮೂರೋ ಆರೋ ಜಿಬಿಗೆ ಇದು ದುಬಾರಿ ಬೆಲೆ.

ಎಸ್ಎಸ್‌ಡಿ ಸವೆಯುತ್ತದೆಂದು ಫೈಲು ಕುಗ್ಗಿಸುವವರೂ ಇದ್ದಾರೆ. ಸವೆತ ಬರುವುದು ಬರೆಯುವುದರಿಂದ, ಕಾದಿರಿಸಿದ ಜಾಗದಿಂದಲ್ಲ.

ಇನ್ನು ಪೇಜ್ ಫೈಲ್. ರ‍್ಯಾಮ್ ತುಂಬಿ ತುಳುಕಿದಾಗ ಮಾತ್ರ ಬಳಕೆಯಾಗುವ ಹಿತ್ತಲಕೋಣೆ ಅದು ಎಂಬ ತಿಳಿವಳಿಕೆಯಿಂದಲೇ, ರ‍್ಯಾಮ್ ಧಾರಾಳವಾಗಿದ್ದರೆ ಅದು ಬೇಡವೆಂಬ ತೀರ್ಮಾನ ಹುಟ್ಟುತ್ತದೆ. ಒಂದು ಪ್ರೋಗ್ರಾಮು ಮೆಮೊರಿ ಬೇಕೆಂದು ಕೇಳಿದಾಗ ವಿಂಡೋಸ್ ಕೊಡುವುದು ಒಂದು ಖಾತರಿ: ನೀನು ಇದನ್ನು ಯಾವಾಗ ಮುಟ್ಟಿದರೂ ಇಡಲು ಜಾಗವಿರುತ್ತದೆ. ಹೀಗೆ ಕೊಟ್ಟ ಖಾತರಿಗಳ ಮೊತ್ತ, ರ‍್ಯಾಮ್ ಮತ್ತು ಪೇಜ್ ಫೈಲು ಕೂಡಿದ ಮೊತ್ತವನ್ನು ಮೀರಲು ಅದು ಬಿಡುವುದಿಲ್ಲ. ವ್ಯಾಪಾರಿಗೆ ಬ್ಯಾಂಕು ಕೊಟ್ಟ ಓಡಿ ಮಿತಿಯಂತೆ ಇದು. ಒಂದು ಪೈಸೆ ತೆಗೆಯದಿದ್ದರೂ ಅದು ಇದೆಯೆಂಬ ಧೈರ್ಯದ ಮೇಲೆ ಚೆಕ್ಕುಗಳು ಹೊರಡುತ್ತವೆ. ಪ್ರೋಗ್ರಾಮುಗಳೋ, ಕೇಳಿದ್ದರಲ್ಲಿ ಒಂದಷ್ಟನ್ನು ಮುಟ್ಟುವುದೇ ಇಲ್ಲ.

ನಮ್ಮ ಲ್ಯಾಪ್‌ಟಾಪಿನಲ್ಲಿ ಪೇಜ್ ಫೈಲ್ ಸೊನ್ನೆ ಮಾಡಿದ್ದಾರೆಂದುಕೊಳ್ಳಿ. ಬ್ರೌಸರಿನ ಟ್ಯಾಬುಗಳು ಒಂದೊಂದಾಗಿ ಸಾಯುತ್ತವೆ, ಫೋಟೋ ತಿದ್ದುವ ಪ್ರೋಗ್ರಾಮು ಮೆಮೊರಿ ಇಲ್ಲವೆಂದು ದೂರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ 15.8 ಜಿಬಿ ರ‍್ಯಾಮ್‌ನಲ್ಲಿ 11.9 ಮಾತ್ರ ಬಳಕೆಯಲ್ಲಿದೆ. ನಾಲ್ಕು ಜಿಬಿ ಖಾಲಿ ಇದ್ದೂ ಈ ಗೋಳೇಕೆ? ಅದೇ ಪರದೆಯಲ್ಲಿ, ಯಾರೂ ಓದದ ಮೂಲೆಯಲ್ಲಿ, `Committed` ಎಂಬುದರ ಕೆಳಗೆ 15.6/15.8 ಎಂದಿದೆ. ಖಾತರಿ ಕೊಡುವ ಮಿತಿ ಮುಗಿದಿದೆ. ಖಾಲಿ ರ‍್ಯಾಮ್ ಇದೆ, ಆದರೆ ಅದು ಬೇರೆಯವರ ಹೆಸರಿನಲ್ಲಿ ಬರೆದಾಗಿದೆ. ಇವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ 2004 ಎಂಬ ಸಂಖ್ಯೆಯ ಎಚ್ಚರಿಕೆ ಸಿಕ್ಕರೆ ರೋಗನಿದಾನ ಖಚಿತ. ಹೆಚ್ಚು ಪಡೆದ ಪ್ರೋಗ್ರಾಮುಗಳ ಹೆಸರೂ ಅದರಲ್ಲಿರುತ್ತದೆ.

ರ‍್ಯಾಮ್‌ನ ಒಂದೂವರೆ ಪಟ್ಟು ಇಡಬೇಕೆಂಬ ಹಳೆಯ ಸೂತ್ರ ಇದಕ್ಕೆ ಮದ್ದಲ್ಲ. ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್ 2008ರಲ್ಲೇ ಅದನ್ನು ಅಲ್ಲಗಳೆದು, ಗರಿಷ್ಠ ಕಮಿಟ್ ಎಷ್ಟೆಂದು ಅಳೆದು ನಿರ್ಧರಿಸಿ ಎಂದಿದ್ದರು. ಅವರದೇ ಪ್ರೊಸೆಸ್ ಎಕ್ಸ್‌ಪ್ಲೋರರ್ ಸಿಸ್ಟಮ್ ಇನ್‌ಫರ್ಮೇಷನ್ ಕಿಟಕಿಯಲ್ಲಿ ಆ ಅಂಕಿಯನ್ನು ತೋರಿಸುತ್ತದೆ. ಪೇಜ್ ಫೈಲ್ ಮತ್ತೆ ಹಾಕಿ, ಅತಿ ಹೆಚ್ಚು ಕೆಲಸವಿದ್ದ ದಿನದ ಕೊನೆಗೆ, ಮರುಚಾಲನೆ ಮಾಡುವ ಮೊದಲು ಅದನ್ನು ನೋಡಬೇಕು. ಅದು 19 ಜಿಬಿ ಬಂತೆನ್ನಿ. ರ‍್ಯಾಮ್ ಕಳೆದರೆ 3.2 ಜಿಬಿಯಷ್ಟಾದರೂ ಪೇಜ್ ಫೈಲ್ ಬೇಕು. ಕೈಯಾರೆ ಇಡುವುದಾದರೆ ಆರಂಭಕ್ಕೆ 4, ಗರಿಷ್ಠ 8 ಜಿಬಿ.

ಆದರೆ ವಿಂಡೋಸ್‌ಗೇ ಬಿಟ್ಟರೆ ಏನಾಗುತ್ತದೆ ನೋಡಿ. ಅದರ ಕನಿಷ್ಠ ಲೆಕ್ಕ ರ‍್ಯಾಮ್‌ನ ಎಂಟನೇ ಒಂದು ಭಾಗದಿಂದ, ಅಂದರೆ ಇಲ್ಲಿ 2 ಜಿಬಿಯಿಂದ ಶುರುವಾಗಿ, ಹಿಂದಿನ ಬಳಕೆ ಮತ್ತು ಕ್ರ್ಯಾಶ್ ಡಂಪ್ ಸೆಟ್ಟಿಂಗ್ ನೋಡಿ ಬದಲಾಗುತ್ತದೆ. ಗರಿಷ್ಠ ರ‍್ಯಾಮ್‌ನ ಮೂರು ಪಟ್ಟು ಎಂದರೂ ಡಿಸ್ಕಿನ ಎಂಟನೇ ಒಂದು ಭಾಗಕ್ಕೆ ಕಡಿವಾಣವಿರುವುದರಿಂದ ಇಲ್ಲಿ ಸಾಮಾನ್ಯವಾಗಿ 15 ಜಿಬಿ ದಾಟುವುದಿಲ್ಲ. ಅದು ನಿಜವಾಗಿ 8 ಜಿಬಿ ಮೀರಿ ಬೆಳೆದಿದ್ದರೆ, ಕತ್ತರಿಸಿ ಉಳಿಸುವ ಜಾಗ ಆ ಹೊತ್ತಿನಲ್ಲಿ ಬೇಕಾಗಿಯೇ ಇತ್ತು. ಬೆಳೆದಿರದಿದ್ದರೆ ಉಳಿಸಲು ಏನೂ ಇಲ್ಲ. ಕೈಯಾರೆ ಅಳತೆ ಕೊಡುವ ಕಸರತ್ತಿಗೆ ನನ್ನ ಅಂಕ ಕಡಿಮೆಯಾಗುವುದು ಈ ಕಾರಣಕ್ಕೆ.

ಸಿ ಡ್ರೈವ್ ಚಿಕ್ಕದು, ಪಕ್ಕದಲ್ಲಿ ಇನ್ನೊಂದು ವೇಗದ ಎಸ್ಎಸ್‌ಡಿ ಇದೆ ಎಂದಾದರೆ ಪೇಜ್ ಫೈಲನ್ನು ಅಲ್ಲಿಗೆ ಸಾಗಿಸಬಹುದು. ಹೈಬರ್ನೇಷನ್ ಫೈಲಿಗೆ ಆ ಸ್ವಾತಂತ್ರ್ಯವಿಲ್ಲ. ಪೇಜ್ ಫೈಲ್ ಸಾಗಿಸಿದರೂ ಸಿ ಡ್ರೈವಿನಲ್ಲಿ ಸಣ್ಣದೊಂದನ್ನು ಉಳಿಸಿಕೊಳ್ಳಿ. ನೀಲಿ ಪರದೆ ಬಂದಾಗ ವಿಂಡೋಸ್ ಮೆಮೊರಿಯ ಚಿತ್ರವನ್ನು ಸಾಮಾನ್ಯವಾಗಿ ಮೊದಲು ಬರೆದಿಡುವುದು ಅದರೊಳಗೆ, ಮುಂದಿನ ಬೂಟ್‌ನಲ್ಲಿ ಅದನ್ನು ಡಂಪ್ ಫೈಲಾಗಿ ಹೊರತೆಗೆಯುತ್ತದೆ. ಆ ಫೈಲ್ ಇಲ್ಲದ ಯಂತ್ರ ಕ್ರ್ಯಾಶ್ ಆದರೆ, ರಿಪೇರಿಗೆ ಕೂತವರಿಗೆ ಯಾವ ಡ್ರೈವರ್ ಕಾರಣವೆಂದು ಹುಡುಕಲು ಸುಳಿವೇ ಸಿಗದೆ ಹೋಗಬಹುದು.